ಮನೆಯ ನೀರಿನ ಪಂಪಿಗೆ ಯಾವ ರಿಲೇ: ಟಿಕ್ ಅನ್ನುವುದೋ, ಸದ್ದೇ ಇಲ್ಲದ್ದೋ?

ಮೈಸೂರಿನಲ್ಲಿ ನಮ್ಮ ಚಿಕ್ಕಪ್ಪನ ಮನೆ. ಗೇಟಿನ ಪಕ್ಕ ಸಂಪು, ಮೇಲೆ 1000 ಲೀಟರಿನ ಟ್ಯಾಂಕು, ನಡುವೆ 1 ಎಚ್‌ಪಿಯ ಮಾನೋಬ್ಲಾಕ್ ಪಂಪು. ಟ್ಯಾಂಕು ಖಾಲಿಯಾದರೆ ಪಂಪು ತಾನೇ ಓಡಬೇಕು, ತುಂಬಿದರೆ ತಾನೇ ನಿಲ್ಲಬೇಕು ಅಂತ ನಾನೇ ಒಂದು ಚಿಕ್ಕ ಬೋರ್ಡು ಮಾಡಿ ಕೊಟ್ಟಿದ್ದೆ. ಅದರಲ್ಲಿ ಎಲ್ಲರೂ ಹಾಕುವ ಆ ನೀಲಿ ಬಣ್ಣದ ಪುಟ್ಟ ರಿಲೇ ಇತ್ತು. ಬೋರ್ಡು ಹೇಳಿದಂತೆ ಪಂಪಿನ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್ಚು ಅದೇ. ಮೇಲೆ 10 ಆಂಪಿಯರ್, 250 ವೋಲ್ಟ್ ಅಂತ ಬರೆದಿತ್ತು.

ಏಳು ತಿಂಗಳು ಚೆನ್ನಾಗಿ ನಡೆಯಿತು. ಒಂದು ದಿನ ಬೆಳಗಿನ ಜಾವ ಚಿಕ್ಕಮ್ಮನ ಫೋನು. "ಬೋರ್ಡಲ್ಲಿ ಲೈಟ್ ಆರಿದೆ ಕಣೋ, ಮೋಟ್ರು ಮಾತ್ರ ನಿಲ್ತಾನೇ ಇಲ್ಲ. ಟ್ಯಾಂಕು ತುಂಬಿ ಮೇಲಿಂದ ಸುರೀತಾ ಇದೆ." ಎಂಸಿಬಿ ಕೆಳಗೆ ಹಾಕಿ ಅಂದೆ. ಸಂಜೆ ಹೋಗಿ, ಕರೆಂಟ್ ಪೂರ್ತಿ ತೆಗೆದು, ಡಬ್ಬಿ ಬಿಚ್ಚಿದೆ. ಮಲ್ಟಿಮೀಟರಿನಲ್ಲಿ ನೋಡಿದರೆ ರಿಲೇಯ ಕಾಂಟ್ಯಾಕ್ಟು ಇನ್ನೂ ಮುಚ್ಚಿಕೊಂಡೇ ಇತ್ತು. ಸ್ಕ್ರೂಡ್ರೈವರಿನ ಹಿಡಿಯಿಂದ ರಿಲೇ ಮೇಲೆ ಮೆಲ್ಲಗೆ ಒಂದು ತಟ್ಟಿದೆ. ಟಿಕ್ ಅಂತ ಬಿಟ್ಟುಕೊಂಡಿತು.

ಅದರ ಪ್ಲಾಸ್ಟಿಕ್ ಮುಚ್ಚಳವನ್ನು ಬ್ಲೇಡಿನಿಂದ ಕೊಯ್ದು ನೋಡಿದೆವು. ಒಳಗೆ ಎರಡು ಪುಟ್ಟ ಬೆಳ್ಳಿ ಗುಂಡಿಗಳು ಎದುರುಬದುರು ಇರುತ್ತವೆ, ಅವೇ ಕಾಂಟ್ಯಾಕ್ಟುಗಳು. ಎರಡೂ ಕಪ್ಪಾಗಿದ್ದವು. ಒಂದರಲ್ಲಿ ಗುಳಿ ಬಿದ್ದಿತ್ತು, ಇನ್ನೊಂದರಲ್ಲಿ ಅದೇ ಗುಳಿಗೆ ಸರಿಯಾಗಿ ಕೂರುವ ಒಂದು ಗುಬುಟು ಎದ್ದಿತ್ತು. ಲೋಹ ಕರಗಿ ಒಂದರಿಂದ ಇನ್ನೊಂದಕ್ಕೆ ಹೋಗಿತ್ತು. ಕೊನೆಗೊಂದು ದಿನ ಎರಡೂ ಅಂಟಿಕೊಂಡಿದ್ದವು, ವೆಲ್ಡಿಂಗ್ ಮಾಡಿದ ಹಾಗೆ.

ಚಿಕ್ಕಪ್ಪ ಅದನ್ನು ನೋಡಿ ಕೇಳಿದರು: "ಸದ್ದೇ ಮಾಡದ ರಿಲೇ ಬರುತ್ತಂತಲ್ಲ, ಒಳಗೆ ಕಾಂಟ್ಯಾಕ್ಟೇ ಇರಲ್ವಂತೆ. ಅದನ್ನ ಹಾಕಿದ್ರೆ ಅಂಟೋ ಮಾತೇ ಇಲ್ಲ, ಅಲ್ವಾ?" ಅವರು ಹೇಳಿದ್ದು ಸಾಲಿಡ್ ಸ್ಟೇಟ್ ರಿಲೇ, ಅಂದರೆ ಎಸ್‌ಎಸ್‌ಆರ್. ಒಳ್ಳೆಯ ಪ್ರಶ್ನೆ. ಉತ್ತರ ಹೌದು ಅಥವಾ ಇಲ್ಲ ಅನ್ನುವಷ್ಟು ಚಿಕ್ಕದಲ್ಲ. ಮೊದಲು ಆ ನೀಲಿ ರಿಲೇ ಯಾಕೆ ಸತ್ತಿತು ಅಂತ ತಿಳಿಯಬೇಕು.

10 ಆಂಪಿಯರ್ ಅಂದರೆ ಯಾವ 10?

1 ಎಚ್‌ಪಿ ಅಂದರೆ 746 ವ್ಯಾಟ್. ಅದು ಮೋಟಾರಿನ ಶಾಫ್ಟಿನಲ್ಲಿ ಸಿಗುವ ಶಕ್ತಿ. ಮೋಟಾರಿನ ನಷ್ಟ, ಪವರ್ ಫ್ಯಾಕ್ಟರ್ ಎಲ್ಲ ಸೇರಿಸಿದರೆ ಇಂಥ ಸಿಂಗಲ್ ಫೇಸ್ ಪಂಪು 230 ವೋಲ್ಟಿನಲ್ಲಿ ಓಡುವಾಗ ಹೆಚ್ಚುಕಮ್ಮಿ 6 ಆಂಪಿಯರ್ ಎಳೆಯುತ್ತದೆ. ರಿಲೇ 10 ಆಂಪಿಯರಿನದ್ದು, ಪಂಪು 6ರದ್ದು. ಕಾಗದದ ಮೇಲೆ ಲೆಕ್ಕ ಸರಿಯಾಗೇ ಇದೆ. ಬಹಳ ಜನ ಎಡವುವುದು ಇಲ್ಲೇ.

ನಿಂತ ಮೋಟಾರಿಗೆ ಕರೆಂಟ್ ಕೊಟ್ಟ ಕ್ಷಣದಲ್ಲಿ ಅದು 6 ಆಂಪಿಯರ್ ಎಳೆಯುವುದಿಲ್ಲ. ರೋಟರ್ ಇನ್ನೂ ತಿರುಗಿರುವುದಿಲ್ಲವಲ್ಲ, ಹಾಗಾಗಿ ಕರೆಂಟನ್ನು ತಡೆಯುವ ಎದುರು ವೋಲ್ಟೇಜು ಇನ್ನೂ ಹುಟ್ಟಿರುವುದಿಲ್ಲ. ವೇಗ ಹಿಡಿಯುವ ತನಕ, ಅಂದರೆ ಅರ್ಧ ಸೆಕೆಂಡೋ ಅದಕ್ಕಿಂತ ಸ್ವಲ್ಪ ಹೆಚ್ಚೋ, ಐದಾರು ಪಟ್ಟು ಕರೆಂಟ್ ಹರಿಯುತ್ತದೆ. ನಮ್ಮ ಪಂಪಿಗೆ ಅದು 30ರಿಂದ 40 ಆಂಪಿಯರ್. ಪಂಪು ಹಾಕಿದಾಗ ಮನೆಯ ಬಲ್ಬು ಒಮ್ಮೆ ಮಂಕಾಗಿ ಮತ್ತೆ ಸರಿಹೋಗುತ್ತಲ್ಲ, ಅದೇ ಈ ಕ್ಷಣ.

ಇದರ ಜೊತೆ ಇನ್ನೊಂದು ಸಂಗತಿ ಇದೆ. ರಿಲೇಯ ಕಾಂಟ್ಯಾಕ್ಟು ಒಂದೇ ಏಟಿಗೆ ಮುಚ್ಚುವುದಿಲ್ಲ. ಸಿಮೆಂಟ್ ನೆಲಕ್ಕೆ ಬಿದ್ದ ಗೋಲಿಯ ಹಾಗೆ ಒಂದೆರಡು ಮಿಲಿಸೆಕೆಂಡು ಪುಟಿಯುತ್ತದೆ. ಆ ಪುಟಿತದ ಹೊತ್ತಿನಲ್ಲೇ 35 ಆಂಪಿಯರ್ ಹರಿಯುತ್ತಿರುತ್ತದೆ. ಕಾಂಟ್ಯಾಕ್ಟು ಸ್ವಲ್ಪ ಮೇಲೆದ್ದಾಗಲೆಲ್ಲ ನಡುವೆ ಕಿಡಿ ಏಳುತ್ತದೆ. ಆ ಶಾಖಕ್ಕೆ ಬೆಳ್ಳಿಯ ಮೇಲ್ಪದರ ಕರಗುತ್ತದೆ. ಕರಗಿದ ಲೋಹದ ಮೇಲೆ ಕಾಂಟ್ಯಾಕ್ಟು ಬಂದು ಕೂತು ತಣ್ಣಗಾದರೆ ಅಂಟಿಕೊಳ್ಳದೆ ಏನು ಮಾಡೀತು? ಚಿಕ್ಕ ರಿಲೇಯ ಸ್ಪ್ರಿಂಗಿಗೆ ಅದನ್ನು ಕಿತ್ತು ಬಿಡಿಸುವಷ್ಟು ಬಲ ಇರುವುದಿಲ್ಲ.

ಅಂದರೆ ರಿಲೇ ಮೇಲೆ ಬರೆದ 10 ಆಂಪಿಯರ್ ಸುಳ್ಳಲ್ಲ. ಆದರೆ ಅದು ಹೀಟರ್, ಇಸ್ತ್ರಿಪೆಟ್ಟಿಗೆಯಂಥ ಲೋಡಿಗೆ ಹೇಳಿದ ಮಾತು. ಅವು ಹಾಕಿದ ಕ್ಷಣದಲ್ಲೂ ಓಡುವಾಗಲೂ ಒಂದೇ ಸಮ ಎಳೆಯುತ್ತವೆ. ಮೋಟಾರಿಗೆ ರಿಲೇ ಕೊಳ್ಳುವಾಗ ನೋಡಬೇಕಾದ್ದು ಅದರ ಡೇಟಾಶೀಟಿನಲ್ಲಿ ಎಚ್‌ಪಿ ಲೆಕ್ಕದಲ್ಲಿ ಕೊಟ್ಟ ರೇಟಿಂಗು. ಅದು ಇಲ್ಲದಿದ್ದರೆ ಆ ರಿಲೇ ಮೋಟಾರಿಗಲ್ಲ ಅಂತಲೇ ತಿಳಿಯಿರಿ.

ಸದ್ದಿಲ್ಲದ ರಿಲೇ ಒಳಗೆ

ಎಸ್‌ಎಸ್‌ಆರ್ ಒಳಗೆ ಅಲುಗಾಡುವ ಭಾಗವೇ ಇಲ್ಲ. ಒಂದು ಕಡೆ ಪುಟ್ಟ ಎಲ್‌ಇಡಿ, ಇನ್ನೊಂದು ಕಡೆ ಅದರ ಬೆಳಕು ಬಿದ್ದರೆ ಎಚ್ಚರಗೊಳ್ಳುವ ಸರ್ಕ್ಯೂಟು. ಅದು ಒಂದು ದೊಡ್ಡ ಟ್ರಯಾಕನ್ನೋ, ಬೆನ್ನಿಗೆ ಬೆನ್ನು ಕೊಟ್ಟ ಎರಡು ಎಸ್‌ಸಿಆರ್‌ಗಳನ್ನೋ ಆನ್ ಮಾಡುತ್ತದೆ. ಇವೆರಡೂ ಸಿಲಿಕಾನಿನ ಸ್ವಿಚ್ಚುಗಳು, ಕರೆಂಟ್ ಹರಿಯುವುದು ಆ ಸಿಲಿಕಾನಿನ ಮೂಲಕ. ಪುಟಿತ ಇಲ್ಲ, ಕಿಡಿ ಇಲ್ಲ, ಕರಗುವ ಗುಂಡಿ ಇಲ್ಲ. ಆಫ್ ಆಗುವುದೂ ನಾಜೂಕಾಗಿ. ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ. ಹಾಗೆ ಇಳಿದಾಗಲೇ ಅದು ತಾನೇ ತಾನಾಗಿ ನಿಲ್ಲುತ್ತದೆ.

ಪಂಪು ಹೊರಡುವ ಆ ಅರ್ಧ ಸೆಕೆಂಡಿನ ಮಟ್ಟಿಗೆ ಎಸ್‌ಎಸ್‌ಆರ್ ನಿಜಕ್ಕೂ ಗಟ್ಟಿ. ಒಳ್ಳೆಯ ಕಂಪನಿಯ 40 ಆಂಪಿಯರಿನ ಎಸ್‌ಎಸ್‌ಆರ್ ಎಸಿಯ ಒಂದು ಸೈಕಲ್ ಹೊತ್ತು, ಅಂದರೆ ಸೆಕೆಂಡಿನ 50ನೇ ಒಂದು ಭಾಗದಷ್ಟು ಹೊತ್ತು, ನೂರಾರು ಆಂಪಿಯರ್ ತಡೆದುಕೊಳ್ಳುತ್ತದೆ. ಚಿಕ್ಕಪ್ಪನ ಮಾತು ಇಲ್ಲಿಯ ತನಕ ಸರಿ. ಆದರೆ ಪಂಪು ಹೊರಟ ಮೇಲೆ, ನಿಂತ ಮೇಲೆ, ಕೊನೆಗೆ ಎಸ್‌ಎಸ್‌ಆರ್ ಕೆಟ್ಟಾಗ ಏನಾಗುತ್ತದೆ ಅನ್ನುವುದನ್ನೂ ನೋಡಬೇಕು.

ಓಡುವಾಗಿನ ಸಮಸ್ಯೆ ಶಾಖ. ಬೆಳ್ಳಿಯ ಕಾಂಟ್ಯಾಕ್ಟು ಮುಚ್ಚಿದರೆ ಅದರಲ್ಲಿ ನಷ್ಟ ಇಲ್ಲವೆನ್ನುವಷ್ಟು ಕಡಿಮೆ. ಸಿಲಿಕಾನಿನಲ್ಲಿ ಮಾತ್ರ ಯಾವಾಗಲೂ ಒಂದೂಕಾಲು ವೋಲ್ಟಿನಷ್ಟು ಬಿದ್ದುಹೋಗುತ್ತದೆ. 6 ಆಂಪಿಯರಿಗೆ ಲೆಕ್ಕ ಹಾಕಿ, ಏಳೆಂಟು ವ್ಯಾಟ್ ಶಾಖ. ಟ್ಯಾಂಕು ತುಂಬುವ ಅರ್ಧ ಗಂಟೆಯೂ ಅದು ಕಾಯುತ್ತಲೇ ಇರುತ್ತದೆ. ಹೀಟ್ ಸಿಂಕ್ ಇಲ್ಲದೆ ಬರೀ ಎಸ್‌ಎಸ್‌ಆರನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಹಾಕಿದರೆ ಅದು ಹೆಚ್ಚು ದಿನ ಉಳಿಯದು. ಪಂಪಿನ ಡಬ್ಬಿ ಇರುವುದು ಕಾಂಪೌಂಡಿನ ಗೋಡೆಯ ಮೇಲೆ, ಬಿಸಿಲಿಗೆ. ಏಪ್ರಿಲ್ ತಿಂಗಳಲ್ಲಿ ಅದರೊಳಗಿನ ಗಾಳಿಯೇ ಕಾದಿರುತ್ತದೆ. ಅಂಗಡಿಯಲ್ಲಿ ಸಿಗುವ ಅಗ್ಗದ ಎಸ್‌ಎಸ್‌ಆರ್‌ಗಳಲ್ಲಿ ಮೇಲೆ ಬರೆದ ಆಂಪಿಯರಿಗಿಂತ ತೀರಾ ಚಿಕ್ಕ ಟ್ರಯಾಕ್ ಒಳಗಿರುವುದೂ ಉಂಟು. ಹೊರಗಿನ ಬರಹ ಒಂದೇ ಥರ ಇರುವುದರಿಂದ ನೋಡಿ ಪತ್ತೆ ಮಾಡುವುದು ಕಷ್ಟ.

ನಿಂತ ಮೇಲಿನ ಸಮಸ್ಯೆ ಸೋರಿಕೆ. ಎಸ್‌ಎಸ್‌ಆರ್ ಆಫ್ ಆದರೂ ಪೂರ್ತಿ ಕಡಿದುಕೊಳ್ಳುವುದಿಲ್ಲ. ವೋಲ್ಟೇಜಿನ ಹೊಡೆತ ತಡೆಯಲು ಅದರೊಳಗೆ ಇಟ್ಟಿರುವ ರೆಸಿಸ್ಟರು, ಕೆಪಾಸಿಟರುಗಳ ಮೂಲಕ ಕೆಲವು ಮಿಲಿಆಂಪಿಯರ್ ಸದಾ ಹರಿಯುತ್ತಿರುತ್ತದೆ. ಪಂಪು ತಿರುಗಲು ಅದು ಸಾಲದು. ಆದರೆ ಪಂಪಿನ ಟರ್ಮಿನಲ್ಲಿಗೆ ಹೋಗುವ ವೈರು ಸಡಿಲವಾಗಿದ್ದರೆ ಅದರ ತುದಿಯಲ್ಲಿ ಟೆಸ್ಟರ್ ಚೆನ್ನಾಗಿ ಉರಿಯುತ್ತದೆ. ಮುಟ್ಟಿದವರಿಗೆ ಹೊಡೆಯುತ್ತದೆ. ಬೋರ್ಡಿನಲ್ಲಿ ಆಫ್ ಅಂತ ತೋರಿಸುತ್ತಿದೆ ಅಂತ ನಂಬಿ, ಒದ್ದೆ ನೆಲದ ಮೇಲೆ ನಿಂತು ಪಂಪಿನ ಮುಚ್ಚಳ ಬಿಚ್ಚುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಎಸ್‌ಎಸ್‌ಆರ್ ಇರಲಿ, ರಿಲೇ ಇರಲಿ, ಪಂಪು ಮುಟ್ಟುವ ಮೊದಲು ಎಂಸಿಬಿ ಕೆಳಗಿರಬೇಕು.

ಇದೇ ಸೋರಿಕೆಯಿಂದ ಇನ್ನೊಂದು ಗೊಂದಲವೂ ಆಗುತ್ತದೆ. ಲೋಡು ಹಾಕದೆ ಎಸ್‌ಎಸ್‌ಆರಿನ ಔಟ್‌ಪುಟ್ಟಿಗೆ ಮಲ್ಟಿಮೀಟರ್ ಹಿಡಿದರೆ, ಅದು ಆಫ್ ಇದ್ದರೂ ಮೀಟರು 200 ವೋಲ್ಟಿಗಿಂತ ಜಾಸ್ತಿಯೇ ತೋರಿಸುತ್ತದೆ. ಹೊಸದೇ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಕೊಟ್ಟವರಿದ್ದಾರೆ. ಸರಿಯಾದ ಪರೀಕ್ಷೆ ಅಂದರೆ 60 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬನ್ನು ಲೋಡಾಗಿ ಹಾಕುವುದು. ಆನ್ ಮಾಡಿದಾಗ ಬಲ್ಬು ಉರಿದು, ಆಫ್ ಇದ್ದಾಗ ಉರಿಯದಿದ್ದರೆ ಎಸ್‌ಎಸ್‌ಆರ್ ಸರಿಯಿದೆ. ಈ ಪರೀಕ್ಷೆಗೆ ಎಲ್‌ಇಡಿ ಬಲ್ಬು ಬೇಡ, ಅದು ಸೋರಿಕೆಗೇ ಮಿಣುಕುತ್ತದೆ.

ಕೆಟ್ಟಾಗ ಯಾವ ಕಡೆಗೆ ಕೆಡುತ್ತದೆ?

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಎಸ್‌ಎಸ್‌ಆರ್ ಸತ್ತರೆ ಬಹಳ ಸಲ ಶಾರ್ಟ್ ಆಗಿ ಸಾಯುತ್ತದೆ. ಸಿಲಿಕಾನ್ ಕರಗಿ ತಂತಿಯ ತುಂಡಿನ ಹಾಗೆ ಆಗಿಬಿಡುತ್ತದೆ. ಅಂದರೆ ಪಂಪು ಆನ್ ಆಗಿಯೇ ಉಳಿಯುತ್ತದೆ. ಅಂಟಿಕೊಂಡ ರಿಲೇಯಲ್ಲಿ ಆದದ್ದೇ ಇಲ್ಲೂ ಆಗುತ್ತದೆ. ವ್ಯತ್ಯಾಸ ಇಷ್ಟೇ, ತಟ್ಟಿದರೆ ಬಿಡುವುದಿಲ್ಲ.

ಶಾರ್ಟ್ ಆಗಲು ಕಾರಣಗಳೂ ನಮ್ಮ ಊರುಗಳಲ್ಲಿ ಬೇಕಾದಷ್ಟು. ಮಳೆಗಾಲದ ಸಿಡಿಲಿಗೆ ಲೈನಿನಲ್ಲಿ ಬರುವ ವೋಲ್ಟೇಜಿನ ಹೊಡೆತ ಒಂದು. ಪಂಪು ನಿಂತಾಗ ಅದರ ಸುರುಳಿ ಮತ್ತು ಕೆಪಾಸಿಟರಿನಲ್ಲಿ ಉಳಿದ ವೋಲ್ಟೇಜು ಲೈನಿನ ವೋಲ್ಟೇಜಿಗೆ ಸೇರಿಕೊಂಡು ಎಸ್‌ಎಸ್‌ಆರ್ ಮೇಲೆ ಬೀಳುವುದು ಇನ್ನೊಂದು. ಹಾಗಾಗಿ ಮೋಟಾರಿಗೆ 600 ವೋಲ್ಟ್ ತಡೆಯುವ ಎಸ್‌ಎಸ್‌ಆರ್ ಸಾಲದು. 1200 ವೋಲ್ಟಿನದ್ದನ್ನೇ ತರಬೇಕು, ಜೊತೆಗೆ ಔಟ್‌ಪುಟ್ಟಿಗೆ ಅಡ್ಡಲಾಗಿ, ವೋಲ್ಟೇಜಿನ ಹೊಡೆತವನ್ನು ನುಂಗುವ ಎಂಒವಿ ಹಾಕಬೇಕು. ಮೂರನೆಯದು ಪಂಪಿನೊಳಗಿನ ಶಾರ್ಟು. ಮೋಟಾರಿನ ಸುರುಳಿ ಸುಟ್ಟಾಗ ಎಂಸಿಬಿ ಬೀಳುತ್ತದೆ, ನಿಜ. ಆದರೆ ಅದು ಬೀಳುವಷ್ಟರಲ್ಲಿ ಎಸ್‌ಎಸ್‌ಆರ್ ಸತ್ತಿರುತ್ತದೆ. ಸಿಲಿಕಾನನ್ನು ಉಳಿಸುವಷ್ಟು ಚುರುಕು ಮನೆಯ ಎಂಸಿಬಿಗೆ ಇಲ್ಲ.

ಪಂಪು ಆನ್ ಆಗಿಯೇ ಉಳಿದರೆ ಟ್ಯಾಂಕು ತುಂಬಿ ಹರಿಯುವುದು ಮೊದಲ ನಷ್ಟ. ಅದಾದ ಮೇಲೆ ಸಂಪು ಬರಿದಾಗುತ್ತದೆ. ಪಂಪು ನೀರಿಲ್ಲದೆ ತಿರುಗುತ್ತದೆ. ಅದರ ಮೆಕ್ಯಾನಿಕಲ್ ಸೀಲು ತಂಪಾಗಿರುವುದು ನೀರಿನಿಂದಲೇ. ನೀರಿಲ್ಲದಿದ್ದರೆ ಸೀಲು ಸುಟ್ಟು ಸೋರಲು ಶುರುವಾಗುತ್ತದೆ. ಆ ನೀರು ಶಾಫ್ಟಿನ ಮೂಲಕ ಬೇರಿಂಗಿಗೆ ಇಳಿಯುತ್ತದೆ. ರಿಲೇಯ ದುಡ್ಡಿಗಿಂತ ಈ ರಿಪೇರಿಯೇ ಎಷ್ಟೋ ಪಟ್ಟು ಜಾಸ್ತಿ.

ದಿನಕ್ಕೆ ಎಷ್ಟು ಸಲ?

ಎಸ್‌ಎಸ್‌ಆರಿನ ದೊಡ್ಡ ಹೆಗ್ಗಳಿಕೆ ಅದು ಎಷ್ಟು ಸಲ ಆನ್ ಆಫ್ ಮಾಡಿದರೂ ಸವೆಯುವುದಿಲ್ಲ ಅನ್ನುವುದು. ಒಂದು ಓವನ್ನಿನ ಹೀಟರನ್ನು ನಾಲ್ಕು ಸೆಕೆಂಡಿಗೊಮ್ಮೆ ಆನ್ ಆಫ್ ಮಾಡುತ್ತೀರಿ ಅಂದುಕೊಳ್ಳಿ. ದಿನಕ್ಕೆ 21,600 ಸಲ ಆಯಿತು. ಸಾಮಾನ್ಯ ರಿಲೇಯ ಕಾಂಟ್ಯಾಕ್ಟು ತನ್ನ ಪೂರ್ತಿ ಲೋಡಿನಲ್ಲಿ ಬಾಳುವುದು ಒಂದು ಲಕ್ಷ ಸಲದ ಆಸುಪಾಸು. ಐದು ದಿನದೊಳಗೆ ಅದು ಮುಗಿದೇಹೋಯಿತು. ಅಲ್ಲಿ ಎಸ್‌ಎಸ್‌ಆರ್ ಬಿಟ್ಟರೆ ಬೇರೆ ದಾರಿಯಿಲ್ಲ.

ಮನೆಯ ಟ್ಯಾಂಕಿನ ಕಥೆ ಬೇರೆ. ಐದು ಜನರ ಮನೆಯಲ್ಲಿ 1000 ಲೀಟರಿನ ಟ್ಯಾಂಕು ದಿನಕ್ಕೆ ಒಂದೋ ಎರಡೋ ಸಲ ತುಂಬಬೇಕು. ಎರಡೇ ಅಂತ ಇಟ್ಟುಕೊಂಡರೂ ವರ್ಷಕ್ಕೆ 730 ಸಲ. ಮೋಟಾರಿನ ಲೋಡು ಕಠಿಣ ಅಂತ ರಿಲೇಯ ಆಯಸ್ಸನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿ 10,000 ಸಲ ಅಂದರೂ 13 ವರ್ಷ ಆಗುತ್ತದೆ. ಅಂದಮೇಲೆ ನಮಗೆ ಬೇಡವೇ ಬೇಡದ ಗುಣಕ್ಕಾಗಿ ಎಸ್‌ಎಸ್‌ಆರಿನ ಶಾಖ, ಸೋರಿಕೆ ಎಲ್ಲವನ್ನೂ ಕಟ್ಟಿಕೊಂಡ ಹಾಗಾಗುತ್ತದೆ.

ಹಾಗಾದರೆ ನನ್ನ ರಿಲೇ ಏಳೇ ತಿಂಗಳಿಗೆ ಯಾಕೆ ಹೋಯಿತು? ಬೋರ್ಡಿನ ಲಾಗ್ ತೆಗೆದು ನೋಡಿದಾಗ ಗೊತ್ತಾಯಿತು. ಟ್ಯಾಂಕಿನ ಮೇಲ್ಗಡೆ ನಾನು ಒಂದೇ ಒಂದು ಸೆನ್ಸರ್ ಇಟ್ಟಿದ್ದೆ. ನೀರು ಅದನ್ನು ಮುಟ್ಟಿದರೆ ಆಫ್, ಬಿಟ್ಟರೆ ಆನ್. ಪೈಪಿನಿಂದ ನೀರು ರಭಸವಾಗಿ ಬೀಳುವಾಗ ಟ್ಯಾಂಕಿನೊಳಗೆ ಅಲೆ ಏಳುತ್ತದೆ. ಅಲೆ ಸೆನ್ಸರಿಗೆ ತಾಗಿದರೆ ಪಂಪು ಆಫ್, ಅಲೆ ಇಳಿದರೆ ಮತ್ತೆ ಆನ್. ಒಂದು ಸಲ ಟ್ಯಾಂಕು ತುಂಬುವಷ್ಟರಲ್ಲಿ ಪಂಪು ಹದಿನೈದಿಪ್ಪತ್ತು ಸಲ ಹೊರಟು ನಿಂತಿತ್ತು. ಏಳು ತಿಂಗಳಿಗೆ 420 ಸಲ ಆಗಬೇಕಿದ್ದದ್ದು ಆರೇಳು ಸಾವಿರ ಸಲ ಆಗಿತ್ತು. ಪ್ರತಿ ಸಲವೂ ಆ 35 ಆಂಪಿಯರಿನ ಹೊಡೆತ.

ಇದಕ್ಕೆ ಮದ್ದು ರಿಲೇ ಬದಲಿಸುವುದಲ್ಲ, ಎರಡು ಮಟ್ಟ ಇಡುವುದು. ಕೆಳಗಿನ ಸೆನ್ಸರ್ ಒಣಗಿದಾಗ ಮಾತ್ರ ಆನ್. ಮೇಲಿನದು ಒದ್ದೆಯಾದಾಗ, ಅಥವಾ ಸಂಪು ಬರಿದಾದಾಗ ಆಫ್. ಒಮ್ಮೆ ಆಫ್ ಆದರೆ ಮೂರು ನಿಮಿಷ ಏನೇ ಆದರೂ ಮತ್ತೆ ಆನ್ ಆಗಬಾರದು. ಬೋರ್ಡಿನ ಪ್ರೋಗ್ರಾಮಿನಲ್ಲಿ ಅದು ಇಷ್ಟೇ:

```cpp
const unsigned long GAP = 180000UL;

if (!pumpOn && lowDry && !sumpDry && millis() - lastOff >= GAP) {
  pumpOn = true;
}
if (pumpOn && (topWet || sumpDry)) {
  pumpOn = false;
  lastOff = millis();
}
digitalWrite(RELAY, pumpOn ? HIGH : LOW);
```

`lastOff` ಶುರುವಿನಲ್ಲಿ ಸೊನ್ನೆ ಇರುವುದರಿಂದ, ಕರೆಂಟ್ ಹೋಗಿ ಬಂದಾಗಲೂ ಮೂರು ನಿಮಿಷ ಕಾಯುತ್ತದೆ. ಇದು ಒಳ್ಳೆಯದೇ. ಕರೆಂಟ್ ಬಂದ ಕೂಡಲೇ ಬೀದಿಯ ಎಲ್ಲ ಮನೆಗಳ ಪಂಪು, ಫ್ರಿಜ್ಜು ಒಟ್ಟಿಗೆ ಹೊರಡುತ್ತವೆ. ವೋಲ್ಟೇಜು ಕುಸಿದಿರುತ್ತದೆ. ಆ ಗಡಿಬಿಡಿ ಮುಗಿದ ಮೇಲೆ ನಮ್ಮ ಪಂಪು ಹೊರಟರೆ ಸಾಕು.

ಚಿಕ್ಕಪ್ಪನ ಮನೆಗೆ ಕೊನೆಗೆ ಹಾಕಿದ್ದು

ನೀಲಿ ರಿಲೇಯನ್ನು ನಾನು ಪೂರ್ತಿ ಕೈಬಿಡಲಿಲ್ಲ, ಅದೇ ಥರದ ಹೊಸದನ್ನು ಹಾಕಿ ಅದರ ಕೆಲಸ ಬದಲಿಸಿದೆ. ಈಗ ಅದು ಪಂಪನ್ನು ಮುಟ್ಟುವುದಿಲ್ಲ. ಒಂದು ಕಾಂಟ್ಯಾಕ್ಟರಿನ ಕಾಯಿಲ್ಲಿಗೆ ಕರೆಂಟ್ ಕೊಡುತ್ತದೆ, ಅಷ್ಟೇ. ಕಾಂಟ್ಯಾಕ್ಟರು ಪಂಪನ್ನು ಓಡಿಸುತ್ತದೆ.

ಕಾಂಟ್ಯಾಕ್ಟರ್ ಕೂಡ ಯಾಂತ್ರಿಕ ರಿಲೇಯೇ. ಆದರೆ ಅದನ್ನು ಮೋಟಾರಿಗಾಗಿಯೇ ಮಾಡಿರುತ್ತಾರೆ. ಗುಂಡಿಗಳು ದಪ್ಪ, ಸ್ಪ್ರಿಂಗು ಬಲವಾದದ್ದು. ಒಂದೇ ಗೆರೆಯನ್ನು ಎರಡು ಕಡೆ ಕಡಿಯುತ್ತದೆ, ಹಾಗಾಗಿ ಕಿಡಿ ಬೇಗ ಆರುತ್ತದೆ. ಅದರ ಮೇಲೆ AC-1 ಮತ್ತು AC-3 ಅಂತ ಎರಡು ಅಂಕಿ ಇರುತ್ತವೆ. AC-1 ಹೀಟರಿನಂಥ ಲೋಡಿಗೆ, AC-3 ಮೋಟಾರಿಗೆ. ಅಂಗಡಿಯವರು ದೊಡ್ಡ ಅಂಕಿಯನ್ನೇ ತೋರಿಸಬಹುದು. ನೀವು ನೋಡಬೇಕಾದ್ದು AC-3. ನಾವು ತಂದದ್ದು AC-3ಯಲ್ಲಿ 9 ಆಂಪಿಯರಿನದ್ದು, 230 ವೋಲ್ಟಿನ ಕಾಯಿಲ್. AC-3 ಅನ್ನಿಸಿಕೊಳ್ಳಬೇಕಾದರೆ ತನ್ನ ಅಂಕಿಯ ಹತ್ತು ಪಟ್ಟು ಕರೆಂಟಿನ ಮೇಲೆ ಮುಚ್ಚಿಕೊಂಡು ತೋರಿಸಬೇಕು, ಅಂದರೆ 90 ಆಂಪಿಯರ್. ನಮ್ಮ 35 ಆಂಪಿಯರ್ ಅದಕ್ಕೆ ದೊಡ್ಡ ಹೊರೆಯಲ್ಲ.

ಕಾಂಟ್ಯಾಕ್ಟರಿನಲ್ಲಿ ಮೂರು ಕಂಬ ಇರುತ್ತವೆ. ಒಂದರಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಾಯಿಸಿದೆವು. ಪಂಪು ನಿಂತಾಗ ಎರಡೂ ಕಡಿದುಹೋಗುತ್ತವೆ. ಫೇಸ್ ಯಾವುದು ಅಂತ ನೋಡದೆ ನ್ಯೂಟ್ರಲ್ ಒಂದನ್ನೇ ಕಡಿದಿರುವ ಎಷ್ಟೋ ಮನೆಗಳಲ್ಲಿ, ಪಂಪು ನಿಂತಿದ್ದರೂ ಅದರ ಒಳಗೆ ಕರೆಂಟ್ ಇರುತ್ತದೆ. ಅರ್ಥಿಂಗ್ ವೈರು ಮಾತ್ರ ಎಲ್ಲೂ ಕಡಿಯದೆ ನೇರ ಪಂಪಿನ ಮೈಗೆ ಹೋಗಬೇಕು.

ಕಾಯಿಲ್ಲಿನ ಎರಡು ತುದಿಗೆ ಒಂದು 100 ಓಮಿನ ರೆಸಿಸ್ಟರು ಮತ್ತು 0.1 ಮೈಕ್ರೋಫ್ಯಾರಡ್‌ನ X2 ಕೆಪಾಸಿಟರನ್ನು ಒಂದರ ಹಿಂದೊಂದು ಜೋಡಿಸಿ ಅಡ್ಡಲಾಗಿ ಹಾಕಿದೆ. ಕಾಯಿಲ್ ಆಫ್ ಆಗುವಾಗ ಹುಟ್ಟುವ ವೋಲ್ಟೇಜಿನ ಚಿಮ್ಮು ಅಲ್ಲೇ ಅಡಗುತ್ತದೆ. ಇಲ್ಲದಿದ್ದರೆ ಅದು ಬೋರ್ಡನ್ನು ಹ್ಯಾಂಗ್ ಮಾಡಬಹುದು. ಕೆಲವರು ಇದೇ ಜೋಡಿಯನ್ನು ರಿಲೇಯ ಕಾಂಟ್ಯಾಕ್ಟಿಗೆ ಅಡ್ಡಲಾಗಿ ಹಾಕುತ್ತಾರೆ. ಹಾಗೆ ಹಾಕಿದರೆ ರಿಲೇ ಆಫ್ ಇದ್ದಾಗಲೂ ಅದರ ಮೂಲಕ 7 ಮಿಲಿಆಂಪಿಯರ್ ಸೋರುತ್ತದೆ. ಎಸ್‌ಎಸ್‌ಆರಿನ ಕಾಯಿಲೆಯನ್ನು ಒಳ್ಳೆಯ ರಿಲೇಗೆ ಅಂಟಿಸಿದ ಹಾಗಾಯಿತು.

ಇಷ್ಟು ಮಾಡಿದ ಮೇಲೂ ನೀಲಿ ರಿಲೇ ಅಂಟಿದರೆ? ಅದಕ್ಕೇ ಟ್ಯಾಂಕಿನಲ್ಲಿ ಮೇಲಿನ ಸೆನ್ಸರಿಗಿಂತ ನಾಲ್ಕು ಬೆರಳು ಎತ್ತರದಲ್ಲಿ ಒಂದು ಫ್ಲೋಟ್ ಸ್ವಿಚ್ ಇಟ್ಟೆವು. ಅದಕ್ಕೆ ಹೋಗುವುದು 12 ವೋಲ್ಟ್ ಮಾತ್ರ, ನೀರಿನ ಹತ್ತಿರ 230 ವೋಲ್ಟ್ ಒಯ್ಯುವುದು ಬೇಡ. ಅದು ಬೇರೊಂದು ಚಿಕ್ಕ ರಿಲೇಯನ್ನು ಹಿಡಿದಿಡುತ್ತದೆ, ಆ ರಿಲೇಯ ಕಾಂಟ್ಯಾಕ್ಟು ಕಾಯಿಲ್ಲಿನ ದಾರಿಯಲ್ಲೇ ಇದೆ. ಫ್ಲೋಟ್ ಎದ್ದರೆ, ಅಥವಾ ಅದರ ವೈರೇ ತುಂಡಾದರೆ, ಕಾಂಟ್ಯಾಕ್ಟರ್ ಬಿಟ್ಟುಕೊಳ್ಳುತ್ತದೆ. ಬೋರ್ಡು ಏನೇ ಹೇಳುತ್ತಿರಲಿ, ಪಂಪು ನಿಲ್ಲುತ್ತದೆ.

ಈ ವ್ಯವಸ್ಥೆಯಲ್ಲೂ ಒಂದು ಕೊರತೆ ಇದೆ. 230 ವೋಲ್ಟಿನ ಕಾಯಿಲ್ ಸರಿಯಾಗಿ ಹಿಡಿದುಕೊಳ್ಳಲು ಅದರ ಶೇಕಡಾ 85, ಅಂದರೆ 195 ವೋಲ್ಟ್ ಬೇಕು ಅಂತ ಲೆಕ್ಕ. ಬೇಸಿಗೆಯಲ್ಲಿ ಹಳ್ಳಿಯ ಕಡೆ 170 ವೋಲ್ಟ್ ಬರುವ ಮನೆಗಳಿವೆ. ಅಲ್ಲಿ ಕಾಂಟ್ಯಾಕ್ಟರ್ ಹಿಡಿಯಲೂ ಆಗದೆ ಬಿಡಲೂ ಆಗದೆ ಟಕಟಕ ಅಂತ ಬಡಿದುಕೊಳ್ಳುತ್ತದೆ. ಆ ಬಡಿತಕ್ಕೆ ಅದರ ಕಾಂಟ್ಯಾಕ್ಟೂ ಅಂಟಬಹುದು. ಅಂಥ ಕಡೆ 12 ವೋಲ್ಟ್ ಡಿಸಿ ಕಾಯಿಲ್ಲಿನ 30 ಆಂಪಿಯರ್ ರಿಲೇ ಒಳ್ಳೆಯದು, ಡೇಟಾಶೀಟಿನಲ್ಲಿ 240 ವೋಲ್ಟಿಗೆ ನಿಮ್ಮ ಪಂಪಿನ ಎಚ್‌ಪಿ ಬರೆದಿರಬೇಕು ಅಷ್ಟೇ. ಅದಕ್ಕೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಅಡಾಪ್ಟರು 100 ವೋಲ್ಟಿನಲ್ಲೂ 12 ವೋಲ್ಟನ್ನು ಸರಿಯಾಗೇ ಕೊಡುತ್ತದೆ. ರಿಲೇ ಬಡಿದುಕೊಳ್ಳುವುದಿಲ್ಲ. ಆದರೆ 170 ವೋಲ್ಟಿನಲ್ಲಿ ಪಂಪು ತಿರುಗದೆ ಗುಂಯ್ ಅಂತ ನಿಂತು ಸುರುಳಿ ಸುಟ್ಟುಕೊಳ್ಳುವ ಅಪಾಯ ಇದ್ದೇ ಇದೆ. ಹಾಗಾಗಿ ವೋಲ್ಟೇಜು ನೋಡಿ ತಡೆಯುವ ಏರ್ಪಾಡೂ ಜೊತೆಗಿರಬೇಕು. ಇಂಥ ಕಡೆ ಎಸ್‌ಎಸ್‌ಆರ್ ಇನ್ನೂ ಕಷ್ಟಕ್ಕೆ ಸಿಲುಕುತ್ತದೆ. ತಿರುಗದ ಮೋಟಾರು ಹತ್ತು ಸೆಕೆಂಡು 30 ಆಂಪಿಯರ್ ಎಳೆದರೆ ಅದರಲ್ಲಿ ಹುಟ್ಟುವ ಶಾಖ 40 ವ್ಯಾಟಿನ ಹತ್ತಿರ.

ಎಸ್‌ಎಸ್‌ಆರಿಗೂ ಒಂದು ಜಾಗ ಇದೆ

ಎಸ್‌ಎಸ್‌ಆರನ್ನು ಬೇಡ ಅಂದದ್ದು ಟ್ಯಾಂಕು ತುಂಬಿಸುವ ಪಂಪಿಗೆ ಮಾತ್ರ. ಈಗ ಹೊಸ ಮನೆಗಳಲ್ಲಿ ನಲ್ಲಿ ತಿರುಗಿಸಿದ ಕೂಡಲೇ ಓಡುವ ಪ್ರೆಶರ್ ಪಂಪುಗಳಿವೆ. ಕೈ ತೊಳೆದರೂ ಆನ್, ಫ್ಲಶ್ ಒತ್ತಿದರೂ ಆನ್. ದಿನಕ್ಕೆ 200 ಸಲ ಅಂದರೆ ವರ್ಷಕ್ಕೆ 73,000. ಮೇಲಿನ ಲೆಕ್ಕದ 10,000 ಸಲದ ರಿಲೇ ಎರಡು ತಿಂಗಳೂ ಬಾಳದು. ಇಂಥ ಪಂಪು ಸಾಮಾನ್ಯವಾಗಿ ಅರ್ಧ ಎಚ್‌ಪಿಯ ಒಳಗೇ ಇರುತ್ತದೆ, ಒಮ್ಮೆಗೆ ಓಡುವುದೂ ಸ್ವಲ್ಪ ಹೊತ್ತು. ಶಾಖ ಕಡಿಮೆ. ಮಲಗುವ ಕೋಣೆಯ ಗೋಡೆಯ ಆಚೆಯೇ ಡಬ್ಬಿ ಇದ್ದರೆ ಸದ್ದಿಲ್ಲದಿರುವುದೂ ಒಂದು ನೆಮ್ಮದಿ. ಅಲ್ಲಿ 25 ಆಂಪಿಯರಿನ, 1200 ವೋಲ್ಟಿನ ಎಸ್‌ಎಸ್‌ಆರನ್ನು ಅಲ್ಯೂಮಿನಿಯಂ ಹೀಟ್ ಸಿಂಕಿಗೆ ಥರ್ಮಲ್ ಪೇಸ್ಟ್ ಹಚ್ಚಿ ಬಿಗಿದು ಹಾಕಿ. ಅದಕ್ಕೆ ಮೊದಲು ಒಂದು ಎರಡು ಕಂಬದ ಎಂಸಿಬಿ ಇರಲಿ, ಪಂಪು ಮುಟ್ಟುವ ಮೊದಲು ಅದನ್ನು ಕೆಳಗೆ ಹಾಕಿದರೆ ಸೋರಿಕೆಯೂ ಕಡಿದುಹೋಗುತ್ತದೆ.

ಇನ್ನೊಂದು ಕಡೆಯೂ ಎಸ್‌ಎಸ್‌ಆರ್ ಮೇಲು, ಅದು ಇರುವೆ. ಮಳೆ ಶುರುವಾದರೆ ಬೆಚ್ಚಗಿನ ಡಬ್ಬಿಯೊಳಗೆ ಇರುವೆ ಗೂಡು ಕಟ್ಟುತ್ತದೆ. ಕಾಂಟ್ಯಾಕ್ಟುಗಳ ನಡುವೆ ಸಿಕ್ಕಿ ಅಪ್ಪಚ್ಚಿಯಾದ ಇರುವೆಗಳಿಂದ ಪಂಪು ಹೊರಡದೆ ನಿಂತದ್ದನ್ನು ತೋಟದ ಮನೆಯವರು ಎಲ್ಲರೂ ಕಂಡಿರುತ್ತಾರೆ. ಹಲ್ಲಿ ಹೊಕ್ಕರಂತೂ ಕೇಳಬೇಡಿ. ಎಸ್‌ಎಸ್‌ಆರಿನಲ್ಲಿ ಇರುವೆ ನುಗ್ಗುವ ಸಂದೇ ಇಲ್ಲ. ಕಾಂಟ್ಯಾಕ್ಟರ್ ಹಾಕಿದವರು ವೈರು ಒಳಬರುವ ತೂತಿಗೆ ಕೇಬಲ್ ಗ್ಲ್ಯಾಂಡ್ ಹಾಕಿ, ಉಳಿದ ಸಂದುಗಳನ್ನು ಸಿಲಿಕೋನ್ ತುಂಬಿ ಮುಚ್ಚಬೇಕು.

ಚಿಕ್ಕಪ್ಪ ಈಗ ತಿಂಗಳಿಗೊಮ್ಮೆ ಒಂದು ಪರೀಕ್ಷೆ ಮಾಡುತ್ತಾರೆ. ಟ್ಯಾಂಕು ತುಂಬುತ್ತಿರುವಾಗ ಮೇಲೆ ಹತ್ತಿ, ಮೇಲಿನ ಫ್ಲೋಟನ್ನು ಕೈಯಿಂದ ಎತ್ತಿ ಹಿಡಿಯುತ್ತಾರೆ. ಕೆಳಗೆ ಗೇಟಿನ ಹತ್ತಿರ ಚಿಕ್ಕಮ್ಮ ನಿಂತಿರುತ್ತಾರೆ. ಟಕ್ ಅನ್ನುವ ದಪ್ಪ ಸದ್ದು ಕೇಳಿಸಿ ಪೈಪಿನ ನೀರು ನಿಂತರೆ, "ಬಿಡ್ತು ರೀ" ಅಂತ ಕೂಗಿ ಹೇಳುತ್ತಾರೆ.